ಕಾರವಾರಕ್ಕೊಬ್ಬ ಡೀಲರ್: ಕರಾರಿನಲ್ಲಿ ಬರೆಯಬೇಕಾದ್ದು, ಬರೆಯಬಾರದ್ದು

ಶಿರಸಿ ಕಡೆಯ ಒಂದು ಸಣ್ಣ ಘಟಕ ಮುರುಗಲು ಸಿರಪ್, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡುತ್ತದೆ ಎಂದುಕೊಳ್ಳಿ. ಘಟ್ಟದ ಮೇಲಿನ ಅಂಗಡಿಗಳಿಗೆ ಮನೆಯವರೇ ಮಾಲು ಹಾಕಿ ಬರುತ್ತಾರೆ. ಕರಾವಳಿಗೆ ವಾರವಾರ ಇಳಿಯುವುದು ಕಷ್ಟ. ಆಗ ಕಾರವಾರದ ಅಂಗಡಿಕಾರರೊಬ್ಬರು, “ನಮಗೇ ಕೊಟ್ಟುಬಿಡಿ, ಇಡೀ ಕಾರವಾರ ನಾವು ನೋಡಿಕೊಳ್ತೇವೆ” ಎನ್ನುತ್ತಾರೆ. ಎರಡೂ ಕಡೆಯವರಿಗೆ ಖುಷಿಯಾಗಿ, ಚಹಾ ಕುಡಿದು, ಮೊದಲ ಹತ್ತು ಬಾಕ್ಸ್ ಹೋಗುತ್ತದೆ. ಆರು ತಿಂಗಳಲ್ಲಿ ಜಗಳ ಶುರುವಾಗುತ್ತದೆ. ‘ಇಡೀ ಕಾರವಾರ’ ಅಂದರೆ ಎಲ್ಲಿಂದ ಎಲ್ಲಿಯವರೆಗೆ, ‘ನೋಡಿಕೊಳ್ಳುವುದು’ ಅಂದರೆ ಎಷ್ಟು ಮಾಲು ಇಡುವುದು ಎಂದು ಯಾರೂ ಬರೆದಿಟ್ಟಿರುವುದಿಲ್ಲ.

ಡೀಲರ್ ಕರಾರು ಒಂದು ಕೊಡುಕೊಳ್ಳುವಿಕೆ. ಕಂಪನಿ ಕೊಡುವುದು ಪ್ರದೇಶ ಮತ್ತು ಮಾರ್ಜಿನ್. ಅದಕ್ಕೆ ಪ್ರತಿಯಾಗಿ ಕೇಳುವುದು ಸ್ಟಾಕ್, ಶೆಲ್ಫಿನ ಜಾಗ ಮತ್ತು ಹೆಸರಿನ ಮರ್ಯಾದೆ. ಒಂದನ್ನು ಇನ್ನೊಂದಕ್ಕೆ ಕಟ್ಟಿ ಬರೆಯದೇ ಹೋದರೆ ಪ್ರದೇಶ ಡೀಲರ್ ಕೈಯಲ್ಲಿ ಉಳಿಯುತ್ತದೆ, ಮಾಲು ನಿಮ್ಮ ಗೋಡೌನಿನಲ್ಲಿ ಉಳಿಯುತ್ತದೆ.

ಮೊದಲು ಒಂದು ಸಂಗತಿ ಸ್ಪಷ್ಟವಾಗಿರಬೇಕು. ನಮ್ಮಲ್ಲಿ ಎಲ್ಲದಕ್ಕೂ ‘ಏಜೆನ್ಸಿ ತಗೊಂಡ’ ಎನ್ನುತ್ತಾರೆ. ಏಜೆಂಟ್ ಆದವರು ನಿಮ್ಮ ಪರವಾಗಿ ಮಾರಿ ಕಮಿಷನ್ ಪಡೆಯುತ್ತಾರೆ. ಮಾಲು ನಿಮ್ಮದೇ, ಅದು ಹಾಳಾದರೆ ನಷ್ಟವೂ ನಿಮ್ಮದೇ. ಡೀಲರ್ ಆದವರು ಬಿಲ್ ಮೇಲೆ ಮಾಲು ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಇಲ್ಲಿ ಹೇಳುತ್ತಿರುವುದು ಎರಡನೆಯ ವ್ಯವಸ್ಥೆ. ಆದ್ದರಿಂದ ಕರಾರಿನ ಮೊದಲ ಪುಟದಲ್ಲೇ, ಖರೀದಿಸಿದ ಮಾಲಿನ ಒಡೆತನ ಡೀಲರ್‌ದು ಮತ್ತು ಅವರು ಕಂಪನಿಯ ಪರವಾಗಿ ಯಾರಿಗೂ ಮಾತು ಕೊಡುವಂತಿಲ್ಲ ಎಂದು ಬರೆಯಿರಿ. ಡೀಲರ್‌ನ ಜಿಎಸ್‌ಟಿ ನಂಬರ್ ಮತ್ತು ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸಿನ ಪ್ರತಿಯನ್ನು ಅದೇ ದಿನ ತೆಗೆದುಕೊಳ್ಳಿ. ತಿಂಡಿ ಮಾಲನ್ನು ಮಾರುವವರಿಗೂ ಅದು ಬೇಕೇ ಬೇಕು.

ಗಡಿ ಎಳೆಯುವುದು

‘ಕಾರವಾರ’ ಎಂದು ಬರೆದರೆ ನಗರವೂ ಆಗಬಹುದು, ತಾಲೂಕೂ ಆಗಬಹುದು. ಕಾಳಿ ನದಿಯ ಆಚೆಯ ಸದಾಶಿವಗಡ, ಗೋವಾ ಗಡಿಯ ಮಾಜಾಳಿ, ಒಳಗಡೆಯ ಮಲ್ಲಾಪುರ, ಕೈಗಾ ಎಲ್ಲವೂ ಕಾರವಾರ ತಾಲೂಕೇ. ಪೇಟೆಯಲ್ಲಿ ಒಂದು ಅಂಗಡಿ, ಒಂದು ಸ್ಕೂಟರ್ ಇರುವವರು ಕೈಗಾದವರೆಗೂ ಮಾಲು ಹಾಕುತ್ತಾರೆಯೇ? ಹಾಕುವುದಿಲ್ಲ ಎಂದರೆ ಆ ಭಾಗವನ್ನು ಕೊಡಬೇಡಿ. ತಾಲೂಕು ಮತ್ತು ಪಿನ್‌ಕೋಡ್ ಎರಡನ್ನೂ ಬರೆದು, ಊರುಗಳ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸುವುದು ಒಳ್ಳೆಯದು. ನಕ್ಷೆಯಲ್ಲಿ ಪೆನ್ನಿನಿಂದ ಗೆರೆ ಎಳೆದು ಸಹಿ ಹಾಕಿದರೂ ಆದೀತು, ಆದರೆ ಪಟ್ಟಿಯೂ ಇರಲಿ. ಗೋಕರ್ಣದಂಥ ಊರಿನಲ್ಲಿ ಇದು ಮುಖ್ಯ. ಅದು ಕುಮಟಾ ತಾಲೂಕಿನದು. ಆದರೆ ಗಂಗಾವಳಿಯ ಈಚೆ ಅಂಕೋಲಾ ತಾಲೂಕು. ಅಂಕೋಲಾದ ಡೀಲರ್ ‘ಹೊಳೆ ದಾಟಿದರೆ ಗೋಕರ್ಣ’ ಎಂದು ಮಾಲು ಹಾಕುತ್ತಾರೆ, ಕುಮಟಾದ ಡೀಲರ್ ಫೋನು ಮಾಡುತ್ತಾರೆ.

ಊರಿನ ಗಡಿಯಷ್ಟೇ ಸಾಲದು, ಗಿರಾಕಿಯ ಗಡಿಯೂ ಬೇಕು. ಕೈಗಾ ಟೌನ್‌ಶಿಪ್, ನೌಕಾನೆಲೆಯ ಕ್ಯಾಂಟೀನ್, ದೊಡ್ಡ ರೆಸಾರ್ಟು, ಆನ್‌ಲೈನ್ ಮಾರಾಟ, ಇವುಗಳಲ್ಲಿ ಯಾವುದನ್ನು ಕಂಪನಿ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ ಎಂದು ಹೆಸರು ಹಿಡಿದು ಬರೆಯಬೇಕು. ಇಟ್ಟುಕೊಂಡ ಖಾತೆಗೆ ಮಾಲು ತಲುಪಿಸುವ ಕೆಲಸವನ್ನು ಡೀಲರ್‌ಗೆ ವಹಿಸಿದರೆ, ಬಾಕ್ಸಿಗೆ ಇಷ್ಟು ಎಂದು ಸಾಗಣೆ ಖರ್ಚು ಕೊಡುವುದು ಬೇರೆ, ಮಾರ್ಜಿನ್ ಕೊಡುವುದು ಬೇರೆ. ಈ ಎರಡನ್ನು ಕಲಸಿದರೆ ಒಂದು ವರ್ಷದ ನಂತರ ಲೆಕ್ಕ ಬಿಡಿಸಲು ಬರುವುದಿಲ್ಲ.

ಇನ್ನು ‘ಹೊರಗೆ ಮಾರಬಾರದು’ ಎಂಬ ಷರತ್ತು. ಇದನ್ನು ತುಂಬಾ ಬಿಗಿಯಾಗಿ ಬರೆದರೆ ನಡೆಯುವುದಿಲ್ಲ, ನಡೆಸಲೂ ಬಾರದು. ಡೀಲರ್ ತನ್ನ ಪ್ರದೇಶದ ಹೊರಗೆ ಸೇಲ್ಸ್‌ಮನ್ ಕಳಿಸುವುದು, ಅಲ್ಲಿನ ಅಂಗಡಿಗೆ ವಾಟ್ಸ್‌ಆ್ಯಪಿನಲ್ಲಿ ದರ ಕಳಿಸುವುದು, ಬೋರ್ಡು ಹಾಕುವುದು ಬೇಡ ಎನ್ನಬಹುದು. ಆದರೆ ಅಂಕೋಲಾದವರು ಕಾರವಾರಕ್ಕೆ ಬಂದು ಅವರ ಅಂಗಡಿಯಲ್ಲಿ ಎರಡು ಬಾಟಲಿ ಕೊಂಡರೆ ಅದನ್ನು ತಡೆಯುವ ಷರತ್ತು ಬೇಡ. ಗೋವಾ ನಂಬರಿನ ಕಾರಿನವರು ಅಂಗಡಿಗೆ ಬಂದು ಕೊಂಡರೂ ತೊಂದರೆಯಿಲ್ಲ. ಮಾಜಾಳಿ ಚೆಕ್‌ಪೋಸ್ಟ್ ದಾಟಿಸಿ ಕಾಣಕೋಣದ ಅಂಗಡಿಗೆ ಬಾಕ್ಸ್ ಕಳಿಸುವುದು ಮಾತ್ರ ಅಂತರರಾಜ್ಯ ಮಾರಾಟ. ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮಿನಲ್ಲಿರುವ ವ್ಯಾಪಾರಿ ಹೊರ ರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಸಣ್ಣ ಅಂಗಡಿಗಳಲ್ಲಿ ಅನೇಕವು ಇದೇ ಸ್ಕೀಮಿನಲ್ಲಿರುತ್ತವೆ, ಆದ್ದರಿಂದ ಡೀಲರ್ ಯಾವುದರಲ್ಲಿದ್ದಾರೆಂದು ಮೊದಲೇ ಕೇಳಿ.

ಇಡೀ ತಾಲೂಕನ್ನು ಒಬ್ಬರಿಗೇ ಕೊಡುವುದಾದರೆ, ಅದನ್ನು ಖರೀದಿಯ ಗುರಿಗೆ ಕಟ್ಟಿ. ವರ್ಷಕ್ಕೆ 2400 ಬಾಟಲಿ ಸಿರಪ್ ಎಂದು ಒಪ್ಪಿದರೆ, ಅದನ್ನು ನಾಲ್ಕು ಸಮಪಾಲು ಮಾಡಿ ಮೂರು ತಿಂಗಳಿಗೆ 600 ಎನ್ನುವುದು ಶುದ್ಧ ತಪ್ಪು. ಮುರುಗಲು ಹೋಗುವುದು ಬಿಸಿಲಿಗೆ. ಜನವರಿಯಿಂದ ಮಾರ್ಚ್‌ವರೆಗೆ 700, ಏಪ್ರಿಲ್‌ನಿಂದ ಜೂನ್‌ವರೆಗೆ 900, ಮಳೆಯ ಮೂರು ತಿಂಗಳಿಗೆ 250, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 550 ಎಂದು ಹಂಚಿದರೆ ಡೀಲರ್‌ಗೂ ನ್ಯಾಯ, ನಿಮಗೂ ನಿಜದ ಅಂದಾಜು. ಒಂದು ತ್ರೈಮಾಸಿಕ ತಪ್ಪಿದರೆ ಮಾತಾಡಿ. ಸತತ ಎರಡು ತಪ್ಪಿದರೆ ಡೀಲರ್‌ಶಿಪ್ ಹೋಗುವುದಿಲ್ಲ, ‘ಇವರೊಬ್ಬರಿಗೇ’ ಎಂಬುದು ಹೋಗುತ್ತದೆ. ಕಂಪನಿ ಇನ್ನೊಬ್ಬರನ್ನು ನೇಮಿಸಬಹುದು. ಹೀಗೆ ಬರೆದರೆ ಸಂಬಂಧ ಕಡಿಯದೆ ಒತ್ತಡ ಹಾಕಲು ಬರುತ್ತದೆ. ಮೊದಲ ಆರು ತಿಂಗಳನ್ನು ಪರೀಕ್ಷಾ ಅವಧಿ ಎಂದೇ ಇಟ್ಟುಕೊಳ್ಳಿ.

ದರಪಟ್ಟಿ: ಶೇಕಡಾ ಯಾವುದರ ಮೇಲೆ?

ಜಗಳ ಬೆಳೆಯುವುದು ಇಲ್ಲಿ. ಒಂದು ಬಾಟಲಿಯ ಲೆಕ್ಕ ನೋಡೋಣ. ಎಂಆರ್‌ಪಿ 210 ರೂಪಾಯಿ. ಲೆಕ್ಕಕ್ಕಾಗಿ ಜಿಎಸ್‌ಟಿ ಶೇ. 5 ಎಂದು ಹಿಡಿಯೋಣ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಹಾಗಾಗಿ ತೆರಿಗೆ ಬಿಟ್ಟರೆ 200. ಚಿಲ್ಲರೆ ಅಂಗಡಿಗೆ ಮಾರಾಟದ ಬೆಲೆಯ ಮೇಲೆ ಶೇ. 20 ಬಿಟ್ಟರೆ ಅವರಿಗೆ ಬೀಳುವ ದರ 160. ಆ 160ರ ಮೇಲೆ ಡೀಲರ್‌ಗೆ ಶೇ. 10 ಬಿಟ್ಟರೆ ಅವರಿಗೆ ಬೀಳುವ ದರ 144. ಎರಡಕ್ಕೂ ತೆರಿಗೆ ಬೇರೆ.

ಈಗ ಕಾರವಾರದವರು “20 ಮತ್ತು 10, ಒಟ್ಟು 30 ಪರ್ಸೆಂಟ್ ಅಲ್ವಾ?” ಎಂದು 200ರಿಂದ ಒಂದೇ ಸಲ 60 ಕಳೆದರೆ ಬರುವುದು 140. ಬಾಟಲಿಗೆ ನಾಲ್ಕು ರೂಪಾಯಿ ವ್ಯತ್ಯಾಸ. 12 ಬಾಟಲಿಯ ಬಾಕ್ಸಿಗೆ 48. ವರ್ಷಕ್ಕೆ 2400 ಬಾಟಲಿಗೆ 9600. ಇನ್ನೊಂದು ಕಡೆ, ನೀವು ಶೇ. 10 ಎಂದದ್ದನ್ನು ಡೀಲರ್ ತಾನು ಕೊಂಡ 144ರ ಮೇಲೆ ಲೆಕ್ಕ ಹಾಕಿದರೆ ಅಂಗಡಿಗೆ 158 ರೂಪಾಯಿ 40 ಪೈಸೆಗೆ ಹಾಕಿ, ತನಗೆ ಕಡಿಮೆ ಉಳಿಯಿತು ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಶೇಕಡಾ ಯಾವುದರ ಮೇಲೆ ಎಂಬುದೇ ಬೇರೆ ಬೇರೆ. ಆದ್ದರಿಂದ ದರಪಟ್ಟಿಯಲ್ಲಿ ಶೇಕಡಾ ಬರೆಯಲೇಬೇಡಿ. ಪ್ರತಿ ಮಾಲಿನ ಎದುರು ಎಂಆರ್‌ಪಿ, ಡೀಲರ್ ದರ, ಅಂಗಡಿಗೆ ಸೂಚಿಸಿದ ದರ, ಬಾಕ್ಸಿನಲ್ಲಿ ಎಷ್ಟು, ತೆರಿಗೆ ಸೇರಿದೆಯೋ ಇಲ್ಲವೋ ಎಂದು ರೂಪಾಯಿಯಲ್ಲೇ ಬರೆಯಿರಿ. ಪಟ್ಟಿಗೆ ನಂಬರ್ ಮತ್ತು ಜಾರಿಯ ದಿನಾಂಕ ಇರಲಿ. ‘ಹೊಸ ರೇಟ್ ವಾಟ್ಸ್‌ಆ್ಯಪ್ ಮಾಡಿದ್ದೆ’ ಎಂಬುದು ದರಪಟ್ಟಿಯಲ್ಲ.

ಮೇಲೆ ‘ಸೂಚಿಸಿದ ದರ’ ಎಂದದ್ದು ಬೇಕೆಂದೇ. ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಾರದು ಎಂದು ಬರೆಯಬಹುದು. ಅದು ಪ್ಯಾಕ್ ಮಾಡಿದ ಸರಕಿನ ಕಾನೂನೇ ಹೇಳುವ ಮಾತು. ಆದರೆ ‘ಇದಕ್ಕಿಂತ ಕಡಿಮೆಗೆ ಮಾರಬಾರದು’ ಎಂದು ಬರೆಯುವುದು ಬೇರೆ ಸಂಗತಿ. 2002ರ ಸ್ಪರ್ಧಾ ಕಾಯ್ದೆಯ 3(4)ನೇ ಕಲಮು ಮರುಮಾರಾಟದ ಬೆಲೆಯನ್ನು ಕಟ್ಟಿಹಾಕುವ ಒಪ್ಪಂದವನ್ನು ಹೆಸರಿಸಿಯೇ ಹೇಳುತ್ತದೆ. ಅದರಿಂದ ಸ್ಪರ್ಧೆಗೆ ಗಣನೀಯ ಧಕ್ಕೆಯಾದರೆ ಅಂಥ ಒಪ್ಪಂದ ಅನೂರ್ಜಿತ. ಡೀಲರ್‌ಗಳು ಕೊಡುವ ರಿಯಾಯಿತಿಗೆ ಮಿತಿ ಹಾಕಿದ್ದಕ್ಕೆ ಮಾರುತಿ ಸುಜುಕಿಗೆ 2021ರಲ್ಲಿ ಸ್ಪರ್ಧಾ ಆಯೋಗ 200 ಕೋಟಿ ರೂಪಾಯಿ ದಂಡ ವಿಧಿಸಿತು, ಕಂಪನಿ ಮೇಲ್ಮನವಿಗೆ ಹೋಯಿತು. ಶಿರಸಿಯ ಹಪ್ಪಳದ ಘಟಕಕ್ಕೂ ಕಾರು ಕಂಪನಿಗೂ ಅಳತೆಯಲ್ಲಿ ಹೋಲಿಕೆಯೇ ಇಲ್ಲ, ಸಣ್ಣ ಘಟಕದಿಂದ ಪೇಟೆಯ ಸ್ಪರ್ಧೆ ಕೆಡುವ ಸಾಧ್ಯತೆಯೂ ಕಡಿಮೆ. ಆದರೂ ಜಗಳವಾದ ದಿನ ನಿಲ್ಲದಿರಬಹುದಾದ ಷರತ್ತನ್ನು ಬರೆದು ಏನು ಉಪಯೋಗ? ಒಬ್ಬರಿಗೇ ಪ್ರದೇಶ ಕೊಡುವುದನ್ನೂ ಅದೇ ಕಲಮು ಇದೇ ಅಳತೆಗೋಲಿನಿಂದ ನೋಡುತ್ತದೆ. ಅದು ತನ್ನಷ್ಟಕ್ಕೇ ತಪ್ಪಲ್ಲ.

ದರ ಕುಸಿಯುವುದನ್ನು ತಡೆಯಲು ಬೇರೆ ದಾರಿಗಳಿವೆ. ಡೀಲರ್‌ಗೆ ಕೊಡುವ ಮಾರ್ಜಿನ್ ಅನ್ನು ಎರಡು ಪಾಲು ಮಾಡಿ. ಬಿಲ್ಲಿನಲ್ಲೇ ಕೊಡುವ ಪಾಲು ಚಿಕ್ಕದಿರಲಿ. ಉಳಿದದ್ದು ಡಿಸ್‌ಪ್ಲೇ, ಸ್ಟಾಕ್, ವೇಳೆಗೆ ಸರಿಯಾದ ಪಾವತಿ ಇವುಗಳ ಮೇಲೆ ತಿಂಗಳ ಕೊನೆಗೆ ಕ್ರೆಡಿಟ್ ನೋಟ್ ಆಗಿ ಹೋಗಲಿ. ಕೈಗೆ ಇನ್ನೂ ಬಾರದ ಹಣವನ್ನು ಯಾರೂ ಅಷ್ಟು ಸುಲಭವಾಗಿ ರಿಯಾಯಿತಿಯಲ್ಲಿ ಬಿಟ್ಟುಕೊಡುವುದಿಲ್ಲ. ಈ ಕ್ರೆಡಿಟ್ ನೋಟಿನ ನಿಯಮವನ್ನು ಮಾಲು ಹೋಗುವ ಮೊದಲೇ ಕರಾರಿನಲ್ಲಿ ಬರೆದು, ಯಾವ ಬಿಲ್ಲಿಗೆ ಸೇರಿದ್ದೆಂದು ನೋಟಿನಲ್ಲಿ ನಮೂದಿಸಿ. ಇಲ್ಲದಿದ್ದರೆ ಜಿಎಸ್‌ಟಿ ಲೆಕ್ಕದಲ್ಲಿ ನಿಮ್ಮ ಆಡಿಟರ್ ಕೇಳುವ ಪ್ರಶ್ನೆಗೆ ಉತ್ತರವಿರುವುದಿಲ್ಲ.

ದರ ಬದಲಾಯಿಸುವಾಗ 30 ದಿನ ಮುಂಚೆ ತಿಳಿಸುವುದಾಗಿ ಒಪ್ಪಿಕೊಳ್ಳಿ. ದರ ಏರುವ ಸುದ್ದಿ ಕೇಳಿದ ಕೂಡಲೇ ಡೀಲರ್ ಮೂರು ತಿಂಗಳ ಮಾಲು ಎತ್ತುತ್ತಾರೆ. ಅದಕ್ಕೆ, ಸೂಚನೆಯ ಅವಧಿಯಲ್ಲಿ ಹಳೆ ದರಕ್ಕೆ ಹಿಂದಿನ ತಿಂಗಳ ಖರೀದಿಯ ಒಂದೂವರೆ ಪಟ್ಟು ಮಾತ್ರ ಎಂಬ ಮಿತಿ ಇರಲಿ. ದರ ಇಳಿಸುವಾಗ ಅವರ ಕಪಾಟಿನಲ್ಲಿರುವ ಹಳೆ ಮಾಲಿನ ವ್ಯತ್ಯಾಸವನ್ನು ನೀವು ತುಂಬಿಕೊಡಬೇಕಾಗುತ್ತದೆ. ಕೊನೆಯ 30 ದಿನದ ಬಿಲ್ಲಿನ ಮಾಲಿಗೆ ಮಾತ್ರ ಎಂದು ಗೆರೆ ಎಳೆಯಿರಿ. ಇಳಿದ ಎಂಆರ್‌ಪಿಯ ಚೀಟಿ ಅಂಟಿಸಬಹುದು, ಆದರೆ ಅದು ಮೊದಲು ಮುದ್ರಿಸಿದ ಎಂಆರ್‌ಪಿಯನ್ನು ಮುಚ್ಚಬಾರದು. ಏರಿಸಿದ ಬೆಲೆಯ ಚೀಟಿ ಅಂಟಿಸುವಂತೆಯೇ ಇಲ್ಲ. ಡೀಲರ್ ಅಂಗಡಿಯ ಹುಡುಗ ಹಳೆ ಸ್ಟಾಕಿಗೆ ಹೊಸ ಚೀಟಿ ಹಚ್ಚಿ ಕೂತರೆ ಲೇಬಲ್ ಮೇಲಿರುವ ಹೆಸರು ನಿಮ್ಮದು.

ಉದ್ದರಿಯ ಬಗ್ಗೆ ಒಂದೇ ಮಾತು. ನಿಮ್ಮ ಘಟಕಕ್ಕೆ ಉದ್ಯಮ್ ನೋಂದಣಿ ಇದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಬರಹದಲ್ಲಿ ಒಪ್ಪಿದ ಗಡುವು 45 ದಿನ ಮೀರುವಂತಿಲ್ಲ. ಬರಹ ಇಲ್ಲದಿದ್ದರೆ 15 ದಿನ. ಕರಾರಿನಲ್ಲಿ 21 ದಿನ ಮತ್ತು ರೂಪಾಯಿಯಲ್ಲಿ ಒಂದು ಮಿತಿ, ಎರಡನ್ನೂ ಬರೆಯಿರಿ. ಯಾವುದು ಮೊದಲು ಮುಟ್ಟುತ್ತದೋ ಅಲ್ಲಿ ಮುಂದಿನ ಬಾಕ್ಸ್ ನಿಲ್ಲಲಿ.

ಹೆಸರು ಮತ್ತು ಬೋರ್ಡು

ಡೀಲರ್‌ಗೆ ನೀವು ಕೊಡುವುದು ಹೆಸರನ್ನು ಬಳಸುವ ಅನುಮತಿ, ಹೆಸರನ್ನಲ್ಲ. ‘ಅಧಿಕೃತ ಮಾರಾಟಗಾರರು’ ಎಂದು ಅವರ ಅಂಗಡಿಯ ಹೆಸರಿನ ಕೆಳಗೆ ಬರೆಯಬಹುದು. ನಿಮ್ಮ ಬ್ರ್ಯಾಂಡನ್ನೇ ಅಂಗಡಿಯ ಹೆಸರಾಗಿ ಇಡಬಾರದು. ಇವತ್ತು ಇದಕ್ಕಿಂತ ದೊಡ್ಡ ತಲೆನೋವು ಫೋನಿನಲ್ಲಿದೆ. ಡೀಲರ್‌ನ ಮಗ ಉತ್ಸಾಹದಿಂದ ಗೂಗಲ್ ಮ್ಯಾಪಿನಲ್ಲಿ ನಿಮ್ಮ ಬ್ರ್ಯಾಂಡಿನ ಮುಂದೆ ‘ಕಾರವಾರ’ ಎಂದು ಸೇರಿಸಿ ತನ್ನ ನಂಬರ್ ಕೊಟ್ಟು ಒಂದು ಪುಟ ಮಾಡುತ್ತಾನೆ. ಇನ್‌ಸ್ಟಾಗ್ರಾಮಿನಲ್ಲೂ ಅದೇ. ಡೀಲರ್‌ಶಿಪ್ ಮುಗಿದ ಮೇಲೂ ಪ್ರವಾಸಿಗರ ಫೋನು ಹೋಗುವುದು ಅವನಿಗೇ. ಬ್ರ್ಯಾಂಡಿನ ಹೆಸರಿರುವ ಯಾವ ಪುಟವಾದರೂ ಕಂಪನಿಯ ಇಮೇಲ್ ಮೇಲೆ ತೆರೆದು, ಡೀಲರ್‌ಗೆ ಮ್ಯಾನೇಜರ್ ಹಕ್ಕು ಮಾತ್ರ ಕೊಡಿ.

ಬೋರ್ಡಿನಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 2024ರ ತಿದ್ದುಪಡಿಯಿಂದ ಇದು ಕಾಯ್ದೆ. ಬೋರ್ಡಿನ ವಿನ್ಯಾಸ ನೀವು ಕಳಿಸುವುದಾದರೆ ಈ ಹೊಣೆಯೂ ನಿಮ್ಮ ತಲೆಗೇ ಬರುತ್ತದೆ. ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದ ಅದಕ್ಕೆ ನಿಷೇಧವಿದೆ. ಕಾರವಾರದ ಉಪ್ಪುಗಾಳಿಗೆ ಸಾದಾ ಕಬ್ಬಿಣದ ಫ್ರೇಮು ಬೇಗ ತುಕ್ಕು ಹಿಡಿದು ಬೋರ್ಡಿನ ಮೇಲೆ ಕಂದು ಗೆರೆ ಇಳಿಸುತ್ತದೆ; ಅಲ್ಯೂಮಿನಿಯಂ ಫ್ರೇಮು, ಸ್ಟೀಲ್ ಸ್ಕ್ರೂ ಎಂದು ವಿವರದಲ್ಲೇ ಬರೆಯಿರಿ. ಟ್ರೇಡ್‌ಮಾರ್ಕ್ ನೋಂದಣಿ ಆಗುವವರೆಗೆ ವೃತ್ತದೊಳಗಿನ ‘ಆರ್’ ಗುರುತು ಹಾಕಬಾರದು, ಅದು ಅಪರಾಧ. ಅಪ್ಪೆಮಿಡಿಗೆ ಜಿಐ ಮಾನ್ಯತೆ ಇರುವುದು ನಿಜ, ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಲಾಂಛನವನ್ನು ಡೀಲರ್ ಪೋಸ್ಟರಿನಲ್ಲಿ ಹಾಕುವಂತಿಲ್ಲ. ‘ಮುರುಗಲು ಕುಡಿದರೆ ಸಕ್ಕರೆ ಕಾಯಿಲೆ ವಾಸಿ’ ಎಂಬ ಪೋಸ್ಟರನ್ನಂತೂ ಎಫ್‌ಎಸ್‌ಎಸ್‌ಎಐ ಒಪ್ಪುವುದಿಲ್ಲ. ಸಕ್ಕರೆ ಪಾಕದ ಸಿರಪ್ಪಿನ ಪಕ್ಕ ಅದನ್ನು ಅಂಟಿಸಿದ ಉದಾಹರಣೆಗಳೂ ಇವೆ! ಯಾವ ಪೋಸ್ಟರಾದರೂ ಕಂಪನಿ ನೋಡಿ ಒಪ್ಪಿದ ನಂತರವೇ ಎಂದು ಒಂದು ಸಾಲು ಸೇರಿಸಿ.

ಶೆಲ್ಫಿನಲ್ಲಿ ಎಷ್ಟು, ಒಳಗೆ ಎಷ್ಟು

‘ಸಾಕಷ್ಟು ಸ್ಟಾಕ್ ಇಡತಕ್ಕದ್ದು’ ಎಂದು ಬರೆದ ಕರಾರು ಬರೆಯದಿದ್ದಂತೆಯೇ. ಎರಡು ಸಂಖ್ಯೆ ಬೇಕು. ಕಣ್ಣಿಗೆ ಕಾಣುವಂತೆ ಇಡಬೇಕಾದ ಮಾಲು ಒಂದು, ಒಟ್ಟು ದಾಸ್ತಾನು ಇನ್ನೊಂದು. ಡಿಸ್‌ಪ್ಲೇಯನ್ನು ಸಾಲಿನ ಲೆಕ್ಕದಲ್ಲಿ ಹೇಳಿ: ಎದೆಯಿಂದ ಕಣ್ಣಿನ ಎತ್ತರದ ನಡುವಿನ ಶೆಲ್ಫು, ಮೂರು ಅಡಿ ಅಗಲ, ಸಿರಪ್ ಎದುರಿಗೆ ನಾಲ್ಕು ಬಾಟಲಿ ಅಗಲ, ಹಿಂದಕ್ಕೆ ಮೂರು ಸಾಲು, ಅಂದರೆ 12. ಒಂದು ಬಾಟಲಿ ಮಾರಾಟವಾದ ಕೂಡಲೇ ಒಳಗಿಂದ ತಂದು ತುಂಬಬೇಕು. ಇಷ್ಟು ಸ್ಪಷ್ಟವಿಲ್ಲದಿದ್ದರೆ ಎರಡರಲ್ಲೊಂದು ಆಗುತ್ತದೆ. ‘ಇದು ಡಿಸ್‌ಪ್ಲೇ, ಕೊಡಲಿಕ್ಕಲ್ಲ’ ಎಂದು ಗಿರಾಕಿಯನ್ನು ವಾಪಸು ಕಳಿಸುತ್ತಾರೆ. ಇಲ್ಲವೇ ಎದುರು ಸಾಲಿನ ಬಾಟಲಿಗಳು ವರ್ಷಗಟ್ಟಲೆ ಅಲ್ಲೇ ಕೂತು ಧೂಳು ಹಿಡಿಯುತ್ತವೆ.

ಎಲ್ಲಿ ಇಡಬೇಕು ಎಂಬುದು ಎಷ್ಟು ಇಡಬೇಕು ಎಂಬುದಕ್ಕಿಂತ ಮುಖ್ಯ. ಮುರುಗಲಿನ ಕೆಂಪು ಬಣ್ಣ ಬೆಳಕು ಮತ್ತು ಬಿಸಿಗೆ ಮಾಸುತ್ತದೆ. ಕಾರವಾರದಲ್ಲಿ ಸಮುದ್ರ ಪಶ್ಚಿಮಕ್ಕೆ. ಅತ್ತ ಮುಖ ಮಾಡಿದ ಗಾಜಿನ ಶೋಕೇಸಿಗೆ ಮಧ್ಯಾಹ್ನದ ಮೇಲೆ ನೇರ ಬಿಸಿಲು. ಅಲ್ಲಿಟ್ಟ ಬಾಟಲಿಯ ಬಿಸಿಲು ಬಿದ್ದ ಮಗ್ಗುಲು ಕಂದುಬಣ್ಣಕ್ಕೆ ತಿರುಗಿರುತ್ತದೆ, ಲೇಬಲ್ಲಿನ ನೆರಳಿನಲ್ಲಿದ್ದ ಭಾಗ ಇನ್ನೂ ಕೆಂಪಗಿರುತ್ತದೆ. ಬಾಟಲಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಅಂಥ ಬಾಟಲಿ ವಾಪಸು ಬಂದಾಗ ‘ಮಾಲು ಹಳೆಯದು’ ಎಂದು ಡೀಲರ್ ಹೇಳುತ್ತಾರೆ, ಬ್ಯಾಚ್ ನಂಬರ್ ನೋಡಿದರೆ ಎರಡೇ ತಿಂಗಳು ಆಗಿರುತ್ತದೆ. ಬಿಸಿಲಿಗೆ ಕೆಟ್ಟದ್ದನ್ನು ಕಂಪನಿ ವಾಪಸು ಪಡೆಯುವುದಿಲ್ಲ ಎಂದು ಬರೆಯಿರಿ. ಹಪ್ಪಳಕ್ಕೆ ಉಲ್ಟಾ ಸಮಸ್ಯೆ: ಮಳೆಗಾಲದ ಥಂಡಿಗೆ ಮೆತ್ತಗಾಗುತ್ತದೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಲ್ಫಿನ ಮೇಲೆ ಕಡಿಮೆ, ಮುಚ್ಚಿದ ಡಬ್ಬದಲ್ಲಿ ಹೆಚ್ಚು.

ಒಟ್ಟು ದಾಸ್ತಾನಿನ ಲೆಕ್ಕ ಸರಳ. ದಿನಕ್ಕೆ ಹೋಗುವ ಬಾಟಲಿಯನ್ನು, ಮುಂದಿನ ಮಾಲು ಬರುವ ದಿನಗಳು ಮತ್ತು ತಡವಾಗಬಹುದಾದ ದಿನಗಳ ಮೊತ್ತದಿಂದ ಗುಣಿಸುವುದು. ಬೇಸಿಗೆಯಲ್ಲಿ 900 ಬಾಟಲಿ 13 ವಾರಕ್ಕೆ, ಅಂದರೆ ದಿನಕ್ಕೆ ಹತ್ತು. ವಾರಕ್ಕೊಮ್ಮೆ ಗಾಡಿ, ತಡಕ್ಕೆ ನಾಲ್ಕು ದಿನ ಹಿಡಿದರೆ 11 ದಿನಕ್ಕೆ 110 ಬಾಟಲಿ; ಒಂಬತ್ತು ಬಾಕ್ಸ್ ದಾಟುತ್ತದೆ, ಹಾಗಾಗಿ ಹತ್ತು ಬಾಕ್ಸ್. ಮಳೆಗಾಲದಲ್ಲಿ ದಿನಕ್ಕೆ ಮೂರೂ ಹೋಗುವುದಿಲ್ಲ. ಆದರೆ ಗಾಡಿ ಇಳಿಯುವುದು 15 ದಿನಕ್ಕೊಮ್ಮೆ, ಮತ್ತು ರಸ್ತೆಯನ್ನು ನಂಬುವಂತಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಮುಂದಿನ ತಿಂಗಳೇ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಹಾಗಾಗಿ ತಡಕ್ಕೆ ಒಂದು ವಾರ ಸೇರಿಸಿ 22 ದಿನ, ಸುಮಾರು 60 ಬಾಟಲಿ, ಐದು ಬಾಕ್ಸ್. ಬೇಸಿಗೆಗೆ ಹತ್ತು, ಮಳೆಗೆ ಐದು ಎಂದು ಎರಡು ಸಂಖ್ಯೆಯನ್ನೂ ಅನುಬಂಧದಲ್ಲಿ ಹಾಕಿ. ವರ್ಷವಿಡೀ ಹತ್ತು ಎಂದರೆ ಆಗಸ್ಟಿನಲ್ಲಿ ಡೀಲರ್ ಹಣ ಮಾಲಿನಲ್ಲಿ ಸಿಕ್ಕಿಬೀಳುತ್ತದೆ, ನಿಮಗೆ ಪಾವತಿ ತಡವಾಗುತ್ತದೆ, ಕಡೆಗೆ ಅವಧಿ ಮುಗಿದ ಬಾಟಲಿಗಳು ವಾಪಸು ಬರುತ್ತವೆ.

ರ‍್ಯಾಕ್ ಕಂಪನಿಯದಾದರೆ ವಾಪಸಾಗುವ ಸಾಮಾನೆಂದು ಚಲನ್ ಮಾಡಿ ಕಳಿಸಿ, ಅದರ ಮೇಲೆ ನಂಬರ್ ಬರೆಯಿರಿ. ತಿಂಗಳ ಮೊದಲ ವಾರ ಡೀಲರ್ ಎರಡು ಫೋಟೋ ಕಳಿಸಲಿ: ರ‍್ಯಾಕಿನ ಎದುರು ನಿಂತು ಒಂದು, ಒಳಗಿನ ಬಾಕ್ಸುಗಳದ್ದು ಒಂದು. ಹೇಳದೆ ಹೋಗಿ ನೋಡುವುದೂ ಬೇಕು, ಯಾಕೆಂದರೆ ಫೋಟೋ ತೆಗೆದ ಮರುದಿನ ಆ ರ‍್ಯಾಕಿನಲ್ಲಿ ಗೋವಾದ ಕೋಕಂ ಕೂತಿರುವುದು ಹೊಸದೇನಲ್ಲ. ಹಾಗೆ ಕಂಡರೆ ಆ ತಿಂಗಳ ಡಿಸ್‌ಪ್ಲೇ ಕ್ರೆಡಿಟ್ ನೋಟ್ ಇಲ್ಲ, ಅಷ್ಟೇ. ಡೀಲರ್‌ಶಿಪ್ ರದ್ದು ಎಂಬ ಬೆದರಿಕೆಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಕೊನೆಯ ಅನುಬಂಧ ಬಿಡುವ ದಿನದ್ದು, ಅದನ್ನು ಸೇರುವ ದಿನವೇ ಬರೆಯಬೇಕು. ಯಾರೇ ಬಿಡುವುದಾದರೂ 60 ದಿನದ ನೋಟಿಸ್. ಮುಗಿದ ಹದಿನೈದು ದಿನದೊಳಗೆ ಬೋರ್ಡು ಇಳಿಸಬೇಕು, ರ‍್ಯಾಕ್ ವಾಪಸಾಗಬೇಕು, ಗೂಗಲ್ ಪುಟದಿಂದ ಡೀಲರ್‌ನ ನಂಬರ್ ತೆಗೆಯಬೇಕು. ಬಳಕೆಯ ಅವಧಿ ಮೂರು ತಿಂಗಳಿಗಿಂತ ಹೆಚ್ಚು ಉಳಿದಿರುವ, ಸೀಲ್ ಒಡೆಯದ ಮಾಲನ್ನು ಬಿಲ್ಲಿನ ದರಕ್ಕೇ ಕಂಪನಿ ವಾಪಸು ಕೊಳ್ಳಲಿ. ಈ ಸಾಲನ್ನು ಉಳಿತಾಯಕ್ಕೆಂದು ಕೈಬಿಟ್ಟರೆ, ಹಳೆ ಡೀಲರ್ ಉಳಿದ ನಲವತ್ತು ಬಾಕ್ಸನ್ನು ಅರ್ಧ ಬೆಲೆಗೆ ಪೇಟೆಗೆ ಬಿಡುತ್ತಾರೆ, ಹೊಸ ಡೀಲರ್ ಮೊದಲ ತಿಂಗಳೇ ನಿಮ್ಮ ದರಪಟ್ಟಿಯನ್ನು ಹಿಡಿದು ಶಿರಸಿಗೆ ಬರುತ್ತಾರೆ.